ದಾಸವಾಳ ಚಹಾ ಕುಡಿದರೆ ಬಿಪಿ ಮಾತ್ರೆ ಬಿಡಬಹುದೇ? ಪ್ರಯೋಗ ನಡೆದದ್ದು ಪುಂಡಿ ಗಿಡದ ಮೇಲೆ

ದಿನಾ ಎರಡು ಮೂರು ಕೆಂಪು ದಾಸವಾಳ ಹೂವು ಕುದಿಸಿ ಕುಡಿದರೆ ಬಿಪಿ ತಾನಾಗಿಯೇ ಇಳಿಯುತ್ತದೆ, ಮಾತ್ರೆ ಬೇಕಾಗುವುದಿಲ್ಲ ಎಂಬ ಅರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತವೆ. ‘ವಿದೇಶಿ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ’ ಎಂಬ ಸಾಲೂ ಜೊತೆಗಿರುತ್ತದೆ. ಇದರಲ್ಲಿ ಎಷ್ಟು ನಿಜ ಎಂದು ನಾವು ಪರಿಶೀಲಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ: ಬಿಪಿ ಸ್ವಲ್ಪ ಇಳಿದದ್ದು ನಿಜ. ಆದರೆ ಆ ಪ್ರಯೋಗಗಳಲ್ಲಿ ಬಳಸಿದ್ದು ಅಂಗಳದ ದಾಸವಾಳವನ್ನಲ್ಲ. ಚಹಾ ಮಾತ್ರೆಗೆ ಬದಲಿಯೂ ಅಲ್ಲ. ಗರ್ಭಿಣಿಯರು ಎರಡನ್ನೂ ಕುಡಿಯದಿರುವುದೇ ಸರಿ.

ಹೆಸರಿನಲ್ಲಿ ಆದ ಗೊಂದಲ

ಇಂಗ್ಲಿಷ್‌ನಲ್ಲಿ ‘ಹೈಬಿಸ್ಕಸ್’ ಎಂಬುದು ಒಂದೇ ಗಿಡದ ಹೆಸರಲ್ಲ, ಒಂದು ದೊಡ್ಡ ಕುಲದ ಹೆಸರು. ನಮ್ಮ ಅಂಗಳದ ದಾಸವಾಳ ಆ ಕುಲದ ಒಂದು ಗಿಡ. ಅದರ ಶಾಸ್ತ್ರೀಯ ಹೆಸರು ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ವಿದೇಶಿ ಪ್ರಯೋಗಗಳಲ್ಲಿ ಬಳಸಿದ್ದು ಅದೇ ಕುಲದ ಇನ್ನೊಂದು ಗಿಡ, ಹೈಬಿಸ್ಕಸ್ ಸಬ್ದರಿಫಾ. ಅನುವಾದ ಮಾಡಿದವರು ‘ಹೈಬಿಸ್ಕಸ್’ ಎಂದಿದ್ದಲ್ಲೆಲ್ಲ ‘ದಾಸವಾಳ’ ಎಂದು ಬರೆದರು. ಸಂದೇಶ ದಾರಿ ತಪ್ಪಿದ್ದು ಅಲ್ಲಿ.

ಆ ಇನ್ನೊಂದು ಗಿಡ ಬೀದರ್ ಜಿಲ್ಲೆಯವರಿಗೆ ಹೊಸದಲ್ಲ. ಅದು ಪುಂಡಿಯ ಬಳಗಕ್ಕೆ ಸೇರಿದ್ದು. ಔರಾದ್ ತಾಲ್ಲೂಕಿನ ಚಿಂತಾಕಿ ಕಡೆ ಅಥವಾ ಭಾಲ್ಕಿಯಲ್ಲಿ ರೊಟ್ಟಿಯ ಜೊತೆ ಪುಂಡಿ ಪಲ್ಲೆ ತಿನ್ನದ ಮನೆ ಸಿಗುವುದು ಕಷ್ಟ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅದೇ ಸೊಪ್ಪು ಗೋಂಗೂರ, ಮಹಾರಾಷ್ಟ್ರಕ್ಕೆ ಹೋದರೆ ಅಂಬಾಡಿ. ಇದರಲ್ಲಿ ಎಲೆಗೆ, ನಾರಿಗೆ ಬೆಳೆಯುವ ಹಲವು ಬಗೆಗಳಿವೆ. ಚಹಾಕ್ಕೆ ಬೇಕಾಗುವುದು ಕೆಂಪು ಕಾಯಿಯ ಬಗೆ ಮಾತ್ರ.

ಚಹಾಕ್ಕೆ ಬಳಸುವುದು ಈ ಗಿಡದ ಹೂವಿನ ಎಸಳನ್ನೂ ಅಲ್ಲ, ಎಲೆಯನ್ನೂ ಅಲ್ಲ. ತಿಳಿ ಹಳದಿ ಬಣ್ಣದ ಹೂವು ಬಾಡಿ ಬಿದ್ದ ಮೇಲೆ, ಅದರ ಬುಡದಲ್ಲಿರುವ ಬಟ್ಟಲು ದಪ್ಪಗೆ, ರಸಭರಿತವಾಗಿ ಬೆಳೆದು ಬೀಜದ ಕಾಯಿಯನ್ನು ಸುತ್ತಿಕೊಳ್ಳುತ್ತದೆ. ಆ ಕಡುಗೆಂಪು, ಹುಳಿ ಬಟ್ಟಲನ್ನು ಬಿಡಿಸಿ ಒಣಗಿಸಿದರೆ ಚಹಾದ ಸಾಮಗ್ರಿ ಸಿದ್ಧ.

ಗುರುತಿಸುವುದು ಸುಲಭ. ಬಿಸಿ ನೀರಿಗೆ ಹಾಕಿದಾಗ ಮಾಣಿಕ್ಯದಂಥ ಕೆಂಪು ಬಣ್ಣ ಬಿಟ್ಟು, ಬಾಯಿಗೆ ಹುಣಸೆಯಷ್ಟು ಹುಳಿಯಾದರೆ ಅದು ಪುಂಡಿ ಬಳಗದ ಬಟ್ಟಲು. ತೆಳುವಾದ ಎಸಳುಗಳಿದ್ದು, ನೀರು ನೇರಳೆಯತ್ತ ತಿರುಗಿ, ಲೋಳೆ ಲೋಳೆಯಾಗಿ, ಹುಳಿ ಇಲ್ಲದಿದ್ದರೆ ಅದು ದಾಸವಾಳ. ಅಂಗಡಿಯ ಪೊಟ್ಟಣದ ಮುಂದೆ ‘ಹೈಬಿಸ್ಕಸ್ ಟೀ’ ಎಂದಷ್ಟೇ ಬರೆದಿದ್ದರೆ ಸಾಲದು, ಹಿಂದೆ ಸಬ್ದರಿಫಾ ಎಂಬ ಹೆಸರಿದೆಯೇ ನೋಡಬೇಕು. ದಾಸವಾಳದ ಎಸಳಿನ ಚಹಾದಿಂದ ಬಿಪಿ ಇಳಿಯುತ್ತದೆ ಎನ್ನಲು ಮನುಷ್ಯರ ಮೇಲೆ ನಡೆದ ಇಷ್ಟು ಗಟ್ಟಿಯಾದ ಪ್ರಯೋಗಗಳ ಆಧಾರವಿಲ್ಲ.

ಎಷ್ಟು ಕುಡಿದಾಗ ಎಷ್ಟು ಇಳಿಯಿತು?

ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗ 2010ರಲ್ಲಿ ಪ್ರಕಟವಾದದ್ದು. ಅಮೆರಿಕದ ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 65 ಮಂದಿಯನ್ನು ಆರಿಸಿಕೊಂಡರು. ಅವರ ಬಿಪಿ ಸ್ವಲ್ಪ ಮಾತ್ರ ಹೆಚ್ಚಿತ್ತು ಮತ್ತು ಯಾರೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಅರ್ಧ ಜನರಿಗೆ ದಿನಕ್ಕೆ ಮೂರು ಲೋಟ ಚಹಾ, ಉಳಿದವರಿಗೆ ಅದೇ ರುಚಿಯ ಹುಸಿ ಪಾನೀಯ ಕೊಟ್ಟರು. ಒಂದು ಲೋಟಕ್ಕೆ 240 ಮಿಲಿಲೀಟರ್ ಕುದಿ ನೀರು, ಅದಕ್ಕೆ 1.25 ಗ್ರಾಂ ಒಣ ಬಟ್ಟಲು, ಆರು ನಿಮಿಷ ನೆನೆಸುವುದು. ದಿನಕ್ಕೆ ಒಟ್ಟು ನಾಲ್ಕು ಗ್ರಾಮಿಗಿಂತ ಕಡಿಮೆಯೇ ಆಯಿತು.

ಆರು ವಾರದ ನಂತರ ಚಹಾ ಕುಡಿದವರಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 7.2ರಷ್ಟು ಇಳಿದಿತ್ತು. ಹುಸಿ ಪಾನೀಯ ಕುಡಿದವರಲ್ಲೂ 1.3ರಷ್ಟು ಇಳಿದಿತ್ತು. ಅಂದರೆ ಚಹಾದ ನಿಜವಾದ ಗಳಿಕೆ ಸುಮಾರು 6 ಅಂಕ. ಕೆಳಗಿನ ಅಂಕಿಯಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ಇದು ಸಣ್ಣ ಗಳಿಕೆಯೇನಲ್ಲ. ಸಾಮಾನ್ಯ ಪ್ರಮಾಣದ ಒಂದು ಬಿಪಿ ಮಾತ್ರೆ ಮೇಲಿನ ಅಂಕಿಯನ್ನು ಸರಾಸರಿ 9ರಷ್ಟು ಇಳಿಸುತ್ತದೆ. ಹಾಗಾದರೆ ಚಹಾ ಮಾತ್ರೆಯ ಹತ್ತಿರ ಹತ್ತಿರ ಬಂತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಬಿಪಿ ಮಾತ್ರೆ ನುಂಗುವುದು ಮೀಟರಿನ ಅಂಕಿ ಇಳಿಸಲಿಕ್ಕಷ್ಟೇ ಅಲ್ಲ, ಲಕ್ವ ಮತ್ತು ಹೃದಯಾಘಾತ ತಡೆಯಲಿಕ್ಕೆ. ಮಾತ್ರೆಗಳು ಅದನ್ನು ತಡೆಯುತ್ತವೆ ಎಂಬುದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ ಸಾಬೀತಾಗಿದೆ. ಚಹಾದ ಪ್ರಯೋಗಗಳು ಮುಗಿದದ್ದು ಕೆಲವೇ ವಾರಗಳಲ್ಲಿ. ಔಷಧ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2021ರಲ್ಲಿ ಈ ಚಹಾದ ಬಗ್ಗೆ ಹೇಳಿದ್ದು, ನಿರ್ಧಾರಕ್ಕೆ ಬರಲು ಇರುವ ಪುರಾವೆ ಸಾಲದು ಎಂದು.

ಪುಂಡಿ ಪಲ್ಲೆ ತಿಂದರೂ ಇದೇ ಲಾಭ ಸಿಗುತ್ತದೆ ಎಂದುಕೊಳ್ಳಬೇಡಿ. ಪ್ರಯೋಗ ನಡೆದದ್ದು ಕೆಂಪು ಬಟ್ಟಲಿನ ಮೇಲೆ, ಎಲೆಯ ಮೇಲಲ್ಲ. ಪುಂಡಿ ಚಟ್ನಿ, ಉಪ್ಪಿನಕಾಯಿಗೆ ಬೀಳುವ ಉಪ್ಪು ಬಿಪಿಯನ್ನು ಏರಿಸಲೂಬಹುದು.

ಮಾತ್ರೆ ಬಿಟ್ಟವರಿಗೆ ಚಹಾ ಕೆಲಸ ಮಾಡಿದಂತೆ ಕಾಣುವುದೇಕೆ?

‘ನಾನು ಮಾತ್ರೆ ಬಿಟ್ಟು ಇದನ್ನೇ ಕುಡಿದೆ, ಬಿಪಿ ನಾರ್ಮಲ್ ಇದೆ’ ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಹೀಗಾಗುವುದು ಹೇಗೆ ಎಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಐವತ್ತೈದು ವರ್ಷದ ಒಬ್ಬರು ದಿನಾ 5 ಮಿಲಿಗ್ರಾಂನ ಆಮ್ಲೋಡಿಪಿನ್ ನುಂಗುತ್ತಾರೆ ಎಂದುಕೊಳ್ಳಿ. ಅವರ ಬಿಪಿ 134/84. ಸೋಮವಾರ ಮಾತ್ರೆ ನಿಲ್ಲಿಸಿ ಚಹಾ ಶುರು ಮಾಡುತ್ತಾರೆ. ಬುಧವಾರ ಅಳೆದರೆ 136/84. ‘ಚಹಾ ಕೆಲಸ ಮಾಡಿತು’ ಎಂದು ಗ್ರೂಪಿಗೆ ಹಾಕುತ್ತಾರೆ. ವಾಸ್ತವವಾಗಿ ಆ ದಿನ ಕೆಲಸ ಮಾಡುತ್ತಿದ್ದದ್ದು ಭಾನುವಾರದವರೆಗೆ ನುಂಗಿದ ಮಾತ್ರೆಗಳು. ಆಮ್ಲೋಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ; ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲಿಕ್ಕೇ 30ರಿಂದ 50 ತಾಸು ಬೇಕು. ಬಿಪಿ ಹಳೆಯ ಮಟ್ಟಕ್ಕೆ ಮರಳಲು ಒಂದು ವಾರವಾದರೂ ಹಿಡಿಯಬಹುದು. ಮುಂದಿನ ವಾರ ಅದು 150 ದಾಟಿದಾಗ ಅವರು ಅಳೆದಿರುವುದೇ ಇಲ್ಲ. ಹೆಚ್ಚಿನವರಿಗೆ ಬಿಪಿ ಏರಿದರೂ ಯಾವ ನೋವೂ ಇರುವುದಿಲ್ಲ.

ಎಲ್ಲ ಮಾತ್ರೆಗಳೂ ಹೀಗೆ ನಿಧಾನವಾಗಿ ಇಳಿಯುವುದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳನ್ನು ಹೃದ್ರೋಗವಿರುವವರು ಥಟ್ಟನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತದ ಅಪಾಯವಿದೆ.

ಮಾತ್ರೆಯ ಜೊತೆಗೆ ಕುಡಿದರೆ?

ಇಲ್ಲಿ ಚಿಂತೆ ಬೇರೆ. ಈ ಚಹಾ ದೇಹದಲ್ಲಿ ರಕ್ತನಾಳ ಬಿಗಿಗೊಳಿಸುವ ಒಂದು ಕಿಣ್ವವನ್ನು ಸ್ವಲ್ಪ ತಡೆಯುತ್ತದೆ, ಮೂತ್ರವನ್ನೂ ಸ್ವಲ್ಪ ಹೆಚ್ಚಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಹಲವು ಬಿಪಿ ಮಾತ್ರೆಗಳು ಕೆಲಸ ಮಾಡುವುದೂ ಹೆಚ್ಚುಕಡಿಮೆ ಇದೇ ದಾರಿಗಳಲ್ಲಿ. ಎರಡೂ ಕೂಡಿದರೆ ಬಿಪಿ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಯ ಜೊತೆ ಈ ಸಾರ ಕೊಟ್ಟಾಗ ಆ ಔಷಧದ ಪ್ರಮಾಣ ರಕ್ತದಲ್ಲಿ ಹೆಚ್ಚಾದದ್ದು ಪ್ರಾಣಿಗಳಲ್ಲಿ ಕಂಡುಬಂದಿದೆ. ಟೆಲ್ಮಿಸಾರ್ಟಾನ್ ಹೆಸರಿನ ಮುಂದೆ ‘ಎಚ್’ ಇರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇದೂ ಸೇರಿರುತ್ತದೆ.

ಬಿಪಿ ಅತಿಯಾಗಿ ಇಳಿದರೆ ಗೊತ್ತಾಗುವುದು ಹೀಗೆ: ಕುಳಿತವರು ಎದ್ದಾಗ ತಲೆ ಸುತ್ತುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ, ಕಾಲು ಸೋಲುತ್ತದೆ. ವಯಸ್ಸಾದವರು ರಾತ್ರಿ ಮೂತ್ರಕ್ಕೆ ಏಳುವಾಗ ಬೀಳುವುದು ಹೀಗೆಯೇ. ಬೀದರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಇಂಥ ಲಕ್ಷಣ ಕಂಡರೆ ನಿಲ್ಲಿಸಬೇಕಾದದ್ದು ಚಹಾವನ್ನು. ಮಾತ್ರೆಯ ವಿಷಯ ಡಾಕ್ಟರು ನಿರ್ಧರಿಸಲಿ.

ಆದರೂ ಕುಡಿಯಬೇಕು ಎನ್ನುವವರು ಮೊದಲು ಡಾಕ್ಟರಿಗೆ ಹೇಳಿ. ಪ್ರಯೋಗದ ಅಳತೆ ಮೀರಬೇಡಿ, ಸಕ್ಕರೆ ಹಾಕಬೇಡಿ. ಎರಡು ವಾರ, ದಿನಾ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಬಿಪಿ ಅಳೆದು ಬರೆದಿಡಿ. ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಸಿಕೊಳ್ಳಬಹುದು. ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು.

ಗರ್ಭಿಣಿಯರು ಏಕೆ ದೂರವಿರಬೇಕು?

ಇಲ್ಲಿ ಎರಡೂ ಗಿಡಗಳ ಬಗ್ಗೆ ಎಚ್ಚರಿಕೆಯಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ದಾಸವಾಳ ಹೂವಿನ ಸಾರವನ್ನು ಹೆಣ್ಣು ಇಲಿಗಳಿಗೆ ಕೊಟ್ಟಾಗ ಅದು ಗರ್ಭಕ್ಕೆ ತಡೆಯಾದದ್ದನ್ನು ಕಂಡರು. ಕೆಂಪು ಬಟ್ಟಲಿನ ಸಾರ ಕುಡಿದ ತಾಯಿ ಇಲಿಗಳ ಮರಿಗಳಲ್ಲಿ ಪ್ರಾಯಕ್ಕೆ ಬರುವುದು ತಡವಾದದ್ದು ಬೇರೆ ಅಧ್ಯಯನಗಳಲ್ಲಿ ದಾಖಲಾಗಿದೆ. ಇವು ಇಲಿಗಳು, ಅವುಗಳಿಗೆ ಕೊಟ್ಟದ್ದು ಮನೆಯ ಚಹಾವನ್ನಲ್ಲ, ನಿಜ. ಹಾಗೆಂದು ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿ ನೋಡುವಂತಿಲ್ಲ. ಆದ್ದರಿಂದ ಗರ್ಭಿಣಿಯರು, ಗರ್ಭಕ್ಕೆ ಪ್ರಯತ್ನಿಸುತ್ತಿರುವವರು, ಹಾಲೂಡಿಸುವ ತಾಯಂದಿರು ಈ ಚಹಾ ಬಿಡುವುದೇ ಒಳ್ಳೆಯದು. ಗೊತ್ತಿಲ್ಲದೆ ಒಂದು ಲೋಟ ಕುಡಿದಿದ್ದರೆ ಗಾಬರಿ ಬೇಡ. ನಿಲ್ಲಿಸಿ, ಮುಂದಿನ ತಪಾಸಣೆಯಲ್ಲಿ ತಿಳಿಸಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಐದು ತಿಂಗಳ ನಂತರ ಗರ್ಭಿಣಿಯ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಗರ್ಭನಂಜಿನ ಸೂಚನೆ ಇರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈ ಊದುವುದು ಅದರ ಲಕ್ಷಣಗಳು. ಆಗ ಚಹಾ ಕುಡಿದು ನಾಲ್ಕು ದಿನ ಕಾದರೆ ತಾಯಿಗೆ ಅಪಸ್ಮಾರ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ ಕೊಡುವ ಬಿಪಿ ಮಾತ್ರೆಗಳೇ ಬೇರೆ: ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ. ಮನೆಯಲ್ಲಿ ಹಿರಿಯರು ನುಂಗುವ ಟೆಲ್ಮಿಸಾರ್ಟಾನ್ ಭ್ರೂಣಕ್ಕೆ ಹಾನಿ ಮಾಡುತ್ತದೆ, ಅದನ್ನು ಕೊಡಲೇಬಾರದು.

ನಮ್ಮ ತೀರ್ಮಾನ: ದಾರಿ ತಪ್ಪಿಸುವ ಸಂದೇಶ. ಈ ಫಾರ್ವರ್ಡ್ ನಿಮಗೂ ಬಂದರೆ ಕಳಿಸಿದವರಿಗೆ ಇಷ್ಟು ಬರೆಯಿರಿ: ‘ಪ್ರಯೋಗ ನಡೆದದ್ದು ದಾಸವಾಳದ ಮೇಲಲ್ಲ, ಪುಂಡಿ ಬಳಗದ ಕೆಂಪು ಬಟ್ಟಲಿನ ಮೇಲೆ. ಇಳಿದದ್ದು ಸುಮಾರು 6 ಅಂಕ. ಮಾತ್ರೆ ಬಿಡಬೇಡಿ, ಗರ್ಭಿಣಿಯರಿಗೆ ಕೊಡಬೇಡಿ.’