ಫ್ಲೂ ಜ್ವರದಲ್ಲಿ ಬಾಯಾರಿಕೆಗೆ ಕಾಯಬೇಡಿ

ಫ್ಲೂ ಬಂದ ಮನೆಯಲ್ಲಿ ಜ್ವರವನ್ನು ಮತ್ತೆ ಮತ್ತೆ ಅಳೆಯುತ್ತಾರೆ, ಜೋಶಾಂದ ಕುದಿಸುತ್ತಾರೆ. ರೋಗಿ ಎಷ್ಟು ಮೂತ್ರ ಮಾಡಿದರೆಂದು ಯಾರೂ ಗಮನಿಸುವುದಿಲ್ಲ. ಅದನ್ನೂ ಗಮನಿಸಲೇಬೇಕು ಎಂಬುದು ಯುನಾನಿ ವೈದ್ಯನಾದ ನನ್ನ ಅಭಿಪ್ರಾಯ. ಬೆವರು ಮತ್ತು ವೇಗದ ಉಸಿರಾಟದಿಂದ ದೇಹದ ನೀರು ಹೋಗುತ್ತದೆ. ಮಕ್ಕಳಿಗೆ ವಾಂತಿಭೇದಿಯೂ ಆಗಬಹುದು.

ಕೂಸು ಆರು ಗಂಟೆ ಮೂತ್ರ ಮಾಡದಿದ್ದರೆ, ಬಾಯಿ ಒಣಗಿ, ಅತ್ತರೂ ಕಣ್ಣೀರು ಬಾರದಿದ್ದರೆ ನೀರು ಕಡಿಮೆಯಾಗಿದೆ ಎಂದರ್ಥ. ವೃದ್ಧರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಎರಡು ದಿನ ಜ್ವರವಿದ್ದ ಅಜ್ಜಿ ‘ನೀರು ಬೇಡ’ ಎನ್ನುತ್ತಾರೆ, ಎದ್ದರೆ ತಲೆ ಸುತ್ತುತ್ತದೆ, ಸಂಜೆ ಮಾತು ತಡವರಿಸುತ್ತದೆ. ಅದನ್ನು ವಯಸ್ಸಿನ ಮರೆವು ಎಂದು ಬಿಟ್ಟುಬಿಡಬೇಡಿ.

ವಾಂತಿಭೇದಿಯಿದ್ದರೆ ಜೋಶಾಂದವಾಗಲಿ ಶರಬತ್ತಾಗಲಿ ಓಆರ್‌ಎಸ್‌ಗೆ ಬದಲಿಯಲ್ಲ. ಅತಿ ಸಿಹಿ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ. ಒಂದು ಲೀಟರ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಹಾಕಿ. ಲೋಟಕ್ಕೆ ಅಂದಾಜಿನಲ್ಲಿ ಹಾಕಿದರೆ ಉಪ್ಪು ಅತಿಯಾಗುತ್ತದೆ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಮಗುವಿಗೆ ಒಂದೆರಡು ನಿಮಿಷಕ್ಕೆ ಒಂದು ಚಮಚ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಆರಂಭಿಸಿ. ಎದೆಹಾಲು ನಿಲ್ಲಿಸಬೇಡಿ. ಹೃದಯ, ಮೂತ್ರಪಿಂಡದ ತೊಂದರೆಯಿರುವ ಹಿರಿಯರಿಗೆ ವೈದ್ಯರನ್ನು ಕೇಳಿ ಕೊಡಿ.

ಕೂಸು ಎಬ್ಬಿಸಿದರೂ ಏಳದಿದ್ದರೆ, ಏನು ಕೊಟ್ಟರೂ ವಾಂತಿಯಾದರೆ, ಹಿರಿಯರು ಗೊಂದಲಗೊಂಡರೆ ಮನೆಮದ್ದು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.