ನೆತ್ತಿಗೆ ಎಣ್ಣೆ ಸರಿ, ಕೆನ್ನೆಗೆ ಬೇಡ

ಮೂರ್ನಾಲ್ಕು ತಿಂಗಳ ಮಗು ಇರೋ ಮನೆಗಳಲ್ಲಿ ಈ ಜೋಡಿ ದೂರು ಸಾಮಾನ್ಯ. ನೆತ್ತಿ ಮೇಲೆ ಹಳದಿ ಹೊಟ್ಟು ಕಟ್ಟಿದೆ, ಕೆನ್ನೆ ಒರಟಾಗಿ ಕೆಂಪಗಾಗಿದೆ. ಎರಡಕ್ಕೂ ಮನೆಯಲ್ಲಿ ಸಿಗೋ ಉತ್ತರ ಒಂದೇ: ಚೆನ್ನಾಗಿ ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ ಬಿಸಿನೀರಲ್ಲಿ ಎರೆಯಿರಿ. ನಮ್ಮ ಕೆಲಸದ ಭಾಷೇಲಿ ಹೇಳೋದಾದ್ರೆ, ಎರಡು ಬೇರೆ ಬಗ್‌ಗಳಿಗೆ ಒಂದೇ ಪ್ಯಾಚ್.

ನೆತ್ತಿಯದ್ದು ಕ್ರೇಡಲ್ ಕ್ಯಾಪ್. ತಾಯಿಯಿಂದ ಬಂದ ಹಾರ್ಮೋನ್ ಪ್ರಭಾವದಿಂದ ಮಗುವಿನ ತಲೆಯ ಎಣ್ಣೆ ಗ್ರಂಥಿಗಳು ಜಾಸ್ತಿ ಜಿಡ್ಡು ಬಿಡ್ತವೆ. ಎಲ್ಲರ ಚರ್ಮದ ಮೇಲೂ ಇರುವ ಮ್ಯಾಲಸೇಜಿಯಾ ಅನ್ನೋ ಯೀಸ್ಟ್‌ಗೆ ಆ ಜಿಡ್ಡೇ ಊಟ. ಅಂದ್ರೆ ಅಲ್ಲಿರೋದು ಎಣ್ಣೆಯ ಅತಿಯಾದ ದಾಸ್ತಾನು. ಮಗುವಿಗೆ ಸಾಮಾನ್ಯವಾಗಿ ತುರಿಕೆ ಇರಲ್ಲ, ನಿದ್ದೆ ಕೆಡಲ್ಲ. ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತೆ.

ಕೆನ್ನೆಯ ಎಕ್ಸಿಮಾ ಇದಕ್ಕೆ ಉಲ್ಟಾ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಅಂದುಕೊಂಡ್ರೆ, ಇಟ್ಟಿಗೆಗಳ ಮಧ್ಯದ ಗಾರೆ ಕಡಿಮೆಯಾಗಿದೆ. ಒಳಗಿನ ನೀರು ಆರಿಹೋಗುತ್ತೆ, ಹೊರಗಿನ ಸೋಪು, ವಾಸನೆ, ಧೂಳು ಒಳಗೆ ನುಗ್ಗುತ್ತೆ. ಮಗುವಿಗೆ ವಿಪರೀತ ತುರಿಕೆ. ಕೈಯಲ್ಲಿ ಕೆರೆದುಕೊಳ್ಳೋಕೆ ಇನ್ನೂ ಬರಲ್ಲ, ಹಾಗಾಗಿ ಎತ್ತಿಕೊಂಡವರ ಭುಜಕ್ಕೆ, ಹಾಸಿಗೆಗೆ ಕೆನ್ನೆ ಉಜ್ಜುತ್ತೆ. ಇದನ್ನ ನಮ್ಮನೇಲಿ ಮೊದಲು ಗಮನಿಸಿದ್ದು ನನ್ನ ಹೆಂಡತಿ. ನಮ್ಮ ಕಂದು ಚರ್ಮದ ಮೇಲೆ ಕೆಂಪು ಅಷ್ಟಾಗಿ ಕಾಣದೆ ಬೂದು ಅಥವಾ ಗಾಢ ಕಂದಾಗಿಯೂ ಕಾಣಬಹುದು. ಕಣ್ಣಿಗಿಂತ ಬೆರಳನ್ನ ನಂಬಿ. ಬೆರಳ ಹಿಂಬದಿಯಿಂದ ಮೆಲ್ಲಗೆ ಸವರಿದ್ರೆ ರವೆ ಮುಟ್ಟಿದ ಹಾಗಿರುತ್ತೆ.

ಮಗಳಿಗೆ ಆಗ ನಾಲ್ಕು ತಿಂಗಳು, ಬಾಣಂತನ ಮುಗಿಸಿ ತಿಪಟೂರಿನಿಂದ ಬೆಂಗಳೂರಿಗೆ ಬಂದು ಎರಡು ವಾರ. ರಾತ್ರಿ ಗಂಟೆಗೊಮ್ಮೆ ಎದ್ದು ಅಳು. ಚರ್ಮದ ಡಾಕ್ಟರ್ ತಲೆಯನ್ನೂ ಕೆನ್ನೆಯನ್ನೂ ಬೇರೆ ಬೇರೆ ಮಾಡಿ ಬರೆದುಕೊಟ್ಟರು.

ತಲೆಗೆ ವಾರಕ್ಕೆ ಮೂರು ಸಲ, ಸ್ನಾನಕ್ಕೆ ಹದಿನೈದು ನಿಮಿಷ ಮುಂಚೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ. ಹೊಟ್ಟು ಮೆತ್ತಗಾದ ಮೇಲೆ ಮೃದುವಾದ ಬ್ರಷ್‌ನಿಂದ ಸಡಿಲಿಸಿ, ಬೇಬಿ ಶಾಂಪೂ ಹಾಕಿ ಎಣ್ಣೆಯನ್ನ ಪೂರ್ತಿ ತೊಳೆಯಬೇಕು. ತೊಳೆಯೋದೇ ಇಲ್ಲಿ ಮುಖ್ಯ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟು ಇನ್ನಷ್ಟು ಅಂಟಿಕೊಳ್ಳುತ್ತೆ. ಉಗುರಲ್ಲಿ ಕೀಳೋ ಹಾಗಿಲ್ಲ, ಗಾಯವಾಗಿ ಸೋಂಕು ತಗುಲುತ್ತೆ. ಹೊಟ್ಟಿನ ಜೊತೆ ನಾಲ್ಕು ಕೂದಲು ಬಂದ್ರೆ ಗಾಬರಿ ಬೇಡ, ಮತ್ತೆ ಬರುತ್ತೆ.

ಕೆನ್ನೆಯ ವಿಷಯದಲ್ಲಿ ಬದಲಾಗಿದ್ದು ಇಡೀ ಸ್ನಾನ. ನಮ್ಮತ್ತೆ ಎರೆಯೋ ರೀತಿ ನೋಡೋಕೆ ಚೆಂದ, ಕಾಲು ನೀಡಿ ಕೂತು ಮಗುವನ್ನ ಮಲಗಿಸಿಕೊಂಡು ಉಜ್ಜಿದ್ರೆ ಮಗು ಅಲ್ಲೇ ನಿದ್ದೆ. ಅದನ್ನ ನಿಲ್ಲಿಸೋ ಅಗತ್ಯ ಬರಲಿಲ್ಲ. ಹಬೆಯಾಡೋ ನೀರು ಉಗುರುಬೆಚ್ಚಗಾಯ್ತು, ಸಮಯ ಹತ್ತು ನಿಮಿಷದೊಳಗೆ ಬಂತು, ಹಿಟ್ಟಿನ ಬದಲು ವಾಸನೆಯಿಲ್ಲದ, ಸೋಪಲ್ಲದ ಕ್ಲೆನ್ಸರ್ ಬಂತು. “ನಮ್ಮ ಕಾಲದಲ್ಲಿ ಹಿಟ್ಟಲ್ಲೇ ಎಲ್ಲಾ ಬೆಳೆದ್ರಲ್ಲ ಡಾಕ್ಟ್ರೇ?” ಅಂತ ಅತ್ತೆ ಕೇಳಿಯೇಬಿಟ್ರು. “ಗಟ್ಟಿ ಚರ್ಮಕ್ಕೆ ನಡೀತಿತ್ತಮ್ಮ, ಇದು ಬಿರುಕು ಬಿಟ್ಟ ಚರ್ಮ” ಅಂದರು ಡಾಕ್ಟರ್. ಹಿಟ್ಟು ತರಿತರಿಯಾಗಿ ಉಜ್ಜೋದು ಒಂದು ಸಮಸ್ಯೆ. ಇನ್ನೊಂದು, ಕಡಲೆ, ಬಾದಾಮಿ, ಶೇಂಗಾ ಇಂಥ ಆಹಾರದ ಪ್ರೊಟೀನ್ ಬಾಯಿಗಿಂತ ಮೊದಲು ಬಿರುಕು ಚರ್ಮದ ಮೂಲಕ ಒಳಗೆ ಹೋದ್ರೆ, ದೇಹ ಅದನ್ನ ಶತ್ರು ಅಂತ ಗುರುತು ಹಾಕಿಕೊಂಡು ಮುಂದೆ ಅಲರ್ಜಿ ತೋರಿಸಬಹುದು.

ಸ್ನಾನವಾದ ಮೇಲೆ ಟವೆಲ್‌ನಿಂದ ಒರೆಸದೆ ಒತ್ತಿ ಒತ್ತಿ ನೀರು ತೆಗೆದು, ಚರ್ಮ ಇನ್ನೂ ತುಸು ಹಸಿ ಇರುವಾಗಲೇ, ಸುಮಾರು ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್. ಆ ಹಸಿಯನ್ನ ಒಳಗೇ ಹಿಡಿದಿಡೋದು ಅದರ ಕೆಲಸ. ಎಣ್ಣೆಯಲ್ಲಿ ನೀರೇ ಇಲ್ಲ, ಒಣಗಿದ ಚರ್ಮಕ್ಕೆ ಹಚ್ಚಿದ್ರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದಂತೆ. ಆಲಿವ್ ಎಣ್ಣೆ, ಸಾಸಿವೆ ಎಣ್ಣೆಯಂತೂ ಆ ಗಾರೆಯನ್ನೇ ಇನ್ನಷ್ಟು ಹಾಳುಮಾಡ್ತವೆ. ತೆಳು ಲೋಷನ್‌ಗಿಂತ ಗಟ್ಟಿ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಒಳ್ಳೇದು. ಉಜ್ಜಬೇಡಿ, ರೋಮದ ದಿಕ್ಕಿನಲ್ಲಿ ಕೆಳಮುಖವಾಗಿ ಸವರಿ.

ಹೆಚ್ಚಿನವರು ಎಡವೋದು ಪ್ರಮಾಣದಲ್ಲಿ. ದಿನಕ್ಕೆ ಎರಡು ಸಲ ಮೈಯಿಡೀ ಹಚ್ಚಿದ್ರೆ ಪುಟ್ಟ ಮಗುವಿಗೂ ವಾರಕ್ಕೆ 100 ಗ್ರಾಂ ಹತ್ತಿರ ಬೇಕಾಗುತ್ತೆ. 50 ಗ್ರಾಂ ಟ್ಯೂಬ್ ಒಂದು ತಿಂಗಳು ಬಂತು ಅಂದ್ರೆ ಸಾಕಷ್ಟು ಹಚ್ಚಿಲ್ಲ ಅಂತಲೇ ಅರ್ಥ. ಹಾಗಾಗಿ ದುಬಾರಿ ಕ್ರೀಮನ್ನ ಚೂರುಚೂರು ಹಚ್ಚೋದಕ್ಕಿಂತ ಅಗ್ಗದ್ದನ್ನ ಧಾರಾಳವಾಗಿ ಹಚ್ಚೋದು ಮೇಲು. ಲೇಬಲ್‌ನಲ್ಲಿ ‘ಫ್ರಾಗ್ರೆನ್ಸ್ ಫ್ರೀ’ ಅಂತ ಇರಲಿ. ‘ಅನ್‌ಸೆಂಟೆಡ್’ ಅಂದ್ರೆ ಬೇರೆ, ಅದರಲ್ಲಿ ಮೂಲ ವಾಸನೆ ಮುಚ್ಚೋಕೆ ಸುಗಂಧ ಸೇರಿಸಿರಬಹುದು.

ಮೊದಲ ಐದು ದಿನ ಕೆನ್ನೆಗೆ 1% ಹೈಡ್ರೋಕಾರ್ಟಿಸೋನ್ ಕೂಡ ಬರೆದಿದ್ದರು. ಸ್ಟೀರಾಯ್ಡ್ ಅಂದ ಕೂಡಲೇ ನಮ್ಮನೇಲಿ ಎಲ್ಲರ ಮುಖ ಬಾಡಿತು. ಆದರೆ ಉರಿಯುತ್ತಿರೋ ಚರ್ಮವನ್ನ ಬರೀ ಮಾಯಿಶ್ಚರೈಸರ್ ಆರಿಸಲ್ಲ, ಮತ್ತು ಇದು ಸೌಮ್ಯ ವರ್ಗದ್ದು. ಅಳತೆಯನ್ನೂ ಡಾಕ್ಟರ್ ತೋರಿಸಿದರು: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದಷ್ಟು, ಅಂದಾಜು ಅರ್ಧ ಗ್ರಾಂ. ಅದು ನಮ್ಮ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಭಯಪಡಬೇಕಾದ್ದು ಮೆಡಿಕಲ್ ಶಾಪಲ್ಲಿ ಕೇಳಿದ ತಕ್ಷಣ ಕೊಡೋ, ಪ್ರಬಲ ಸ್ಟೀರಾಯ್ಡ್ ಜೊತೆ ಫಂಗಸ್ ಔಷಧ, ಆಂಟಿಬಯೋಟಿಕ್ ಎಲ್ಲಾ ಬೆರೆಸಿದ ಟ್ಯೂಬ್‌ಗಳಿಗೆ. ಎರಡೇ ದಿನದಲ್ಲಿ ಕೆನ್ನೆ ನುಣ್ಣಗಾಗುತ್ತೆ, ಹಚ್ಚುತ್ತಾ ಹೋದ್ರೆ ಚರ್ಮ ತೆಳ್ಳಗಾಗುತ್ತೆ.

ನಾಲ್ಕನೇ ರಾತ್ರಿ ಮಗಳು ಒಂದೇ ಸಲ ಎದ್ದಳು. ಎರಡು ವಾರಕ್ಕೆ ಕೆನ್ನೆ ಮೆತ್ತಗಾಯ್ತು. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದಾಗ ಬಾಯಿ ಸುತ್ತ ಮತ್ತೆ ಬಂತು. ಕಾರಣ ರಾಗಿ ಅಲ್ಲ, ಜೊಲ್ಲು ಮತ್ತು ಪದೇಪದೇ ಒರೆಸೋದು. ತಿನ್ನಿಸುವ ಮುಂಚೆ ಬಾಯಿ ಸುತ್ತ ಪೆಟ್ರೋಲಿಯಂ ಜೆಲ್ಲಿ ಬಳಿದ್ರೆ ಅರ್ಧ ತೊಂದರೆ ತಪ್ಪುತ್ತೆ. ಮೊಟ್ಟೆ, ಶೇಂಗಾ, ಹಾಲು ಅಂತ ಊಹೆ ಮೇಲೆ ಮಗುವಿಗೋ ಬಾಣಂತಿಗೋ ಪಥ್ಯ ಮಾಡಿಸಬೇಡಿ, ಡಾಕ್ಟರ್ ಹೇಳಿದ್ರೆ ಮಾತ್ರ.

ಮನೆಯೊಳಗಿನ ಬೇರೆ ಕಿರಿಕಿರಿಗಳೂ ಇವೆ. ಉಲ್ಲನ್ ಕುಲಾವಿಯ ಒಳಗೆ ಕಾಟನ್ ಬಟ್ಟೆ ಇರಲಿ. ಮಗುವಿನ ಬಟ್ಟೆಯನ್ನ ಇನ್ನೊಂದು ಸಲ ಬರೀ ನೀರಲ್ಲಿ ಜಾಲಿಸಿ, ಫ್ಯಾಬ್ರಿಕ್ ಸಾಫ್ಟ್‌ನರ್ ಬಿಡಿ. ಪೌಡರ್ ಬೇಡ. ಸಾಂಬ್ರಾಣಿ ಹೊಗೆ ಎರಡು ಕಾರಣಕ್ಕೆ ಬೇಡ: ಹೊಗೆ ಚರ್ಮಕ್ಕೂ ಉಸಿರಿಗೂ ಆಗಲ್ಲ, ಜೆಲ್ಲಿ ನೆನೆದ ಬಟ್ಟೆ ಕೆಂಡದ ಹತ್ತಿರ ಬೇಗ ಹೊತ್ತಿಕೊಳ್ಳುತ್ತೆ.

ಜೇನಿನ ಬಣ್ಣದ ಪೊರೆ ಕಟ್ಟಿ ರಸ ಸೋರಿದ್ರೆ ಸೋಂಕು, ಡಾಕ್ಟರ್ ನೋಡಬೇಕು. ನೋವಿನ ಪುಟ್ಟ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಗುಂಡನೆ ತೂತಿನಂಥ ಹುಣ್ಣಾಗಿ, ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅದು ಹರ್ಪಿಸ್ ಆಗಿರಬಹುದು. ತುಟಿ ಮೇಲೆ ಜ್ವರಗುಳ್ಳೆ ಎದ್ದಿರೋ ನೆಂಟರು ಮಗುವಿಗೆ ಮುತ್ತು ಕೊಡದ ಹಾಗೆ ನೋಡಿಕೊಳ್ಳೋದೂ ಇದಕ್ಕೇ.

ವಾಸಿಯಾದ ಜಾಗದಲ್ಲಿ ಈಗ ಮಗಳ ಕೆನ್ನೆ ಮೇಲೆ ಒಂದೆರಡು ತಿಳಿ ಕಲೆ ಉಳಿದಿವೆ. ಪಕ್ಕದ ಮನೆಯವರು ತೊನ್ನಾ ಅಂತ ಮೆಲ್ಲಗೆ ಕೇಳಿದರು. ಅಲ್ಲ, ಉರಿ ಇದ್ದ ಕಡೆ ಬಣ್ಣ ಕುಂದಿದೆ ಅಷ್ಟೆ, ತುಂಬೋಕೆ ಕೆಲವು ತಿಂಗಳು ಬೇಕು. ಕ್ರೀಮ್ ಮಾತ್ರ ಕೆನ್ನೆ ಚೆನ್ನಾಗಿರೋ ದಿನವೂ ನಡೀತಿದೆ.