ಅಂಕಿ ಕೂಡಿಸಿ ಬಡ್ಡಿ ಕಳೆಯುವ ಪದ್ಧತಿ ಕೊನೆಗಾಣಲಿ

ಫ್ಲಾಟ್ ದರದ ಸಾಲದಲ್ಲಿ ಬಡ್ಡಿಯನ್ನು ಮೊದಲ ದಿನದ ಅಸಲಿನ ಮೇಲೆ ಪೂರ್ತಿ ಅವಧಿಗೆ ಒಟ್ಟಿಗೇ ಹಾಕಿ, ಅಸಲು ಬಡ್ಡಿ ಎರಡನ್ನೂ ಕೂಡಿಸಿ ಸಮ ಕಂತುಗಳಾಗಿ ಹಂಚಲಾಗುತ್ತದೆ. ಅವಧಿಗೆ ಮೊದಲೇ ಸಾಲ ಚುಕ್ತಾ ಮಾಡಲು ಬಂದವರಿಗೆ ಇನ್ನೂ ಹುಟ್ಟದ ಬಡ್ಡಿಯನ್ನು ಬಿಟ್ಟುಕೊಡಬೇಕು. ಎಷ್ಟು ಬಿಡಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ.

ಜೆಪ್ಪುವಿನ ಮೋರ್ಗನ್ಸ್‌ಗೇಟ್ ಬಳಿ ಬಾಡಿಗೆಗೆ ಓಡುವ ಒಂದು ಆಟೊರಿಕ್ಷಾವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಸಾಲ 3,00,000 ರೂಪಾಯಿ, ಫ್ಲಾಟ್ ದರ ವರ್ಷಕ್ಕೆ ಶೇ 10, ಅವಧಿ 48 ತಿಂಗಳು. ನಾಲ್ಕು ವರ್ಷದ ಬಡ್ಡಿ 1,20,000. ಒಟ್ಟು 4,20,000ವನ್ನು 48ರಿಂದ ಭಾಗಿಸಿದರೆ ಕಂತು 8,750. ಹನ್ನೆರಡು ಕಂತು ತಪ್ಪದೆ ಕಟ್ಟಿದ ಚಾಲಕನ ಕೈಗೆ ಚಿಟ್ ಫಂಡಿನ ಹಣ ಬರುತ್ತದೆ, ಅಥವಾ ಗಲ್ಫ್‌ನಲ್ಲಿರುವ ತಮ್ಮ ಕಳಿಸುತ್ತಾನೆ. ಸಾಲ ತೀರಿಸಿ ಆರ್‌ಸಿಯ ಮೇಲಿನ ಹೈಪಾಥಿಕೇಶನ್ ತೆಗೆಸಬೇಕೆಂದು ಆತ ಕಚೇರಿಗೆ ಹೋಗುತ್ತಾನೆ. ಆತನ ಮನಸ್ಸಿನ ಲೆಕ್ಕ ಸರಳ: 48ರಲ್ಲಿ 36 ಕಂತು ಉಳಿದಿವೆ, ಮುಕ್ಕಾಲು ಅವಧಿ; ಹಾಗಾದರೆ ಬಡ್ಡಿಯಲ್ಲಿ ಮುಕ್ಕಾಲು, ಅಂದರೆ 90,000 ಬಿಡಬೇಕು. ಕಚೇರಿ ಕೊಡುವ ಚೀಟಿಯಲ್ಲಿ ರಿಬೇಟ್ 67,959 ಎಂದಿರುತ್ತದೆ.

ಈ 67,959 ಬಂದದ್ದು ಅಂಕಿಗಳ ಮೊತ್ತದ ವಿಧಾನದಿಂದ. 1ರಿಂದ 48ರವರೆಗಿನ ಅಂಕಿಗಳನ್ನು ಕೂಡಿಸಿದರೆ 1,176. ಒಟ್ಟು ಬಡ್ಡಿಯನ್ನು ಇಷ್ಟು ಪಾಲು ಮಾಡಿ ಮೊದಲ ತಿಂಗಳಿಗೆ 48 ಪಾಲು, ಎರಡನೆಯದಕ್ಕೆ 47, ಹೀಗೆ ಇಳಿಯುತ್ತಾ ಕೊನೆಯ ತಿಂಗಳಿಗೆ ಒಂದೇ ಪಾಲು ಹಾಕಲಾಗುತ್ತದೆ. ಉಳಿದ 36 ತಿಂಗಳ ಪಾಲು 1ರಿಂದ 36ರವರೆಗಿನ ಮೊತ್ತ, 666. ರಿಬೇಟ್ ಎಂದರೆ 1,20,000ದಲ್ಲಿ 1,176ಕ್ಕೆ 666ರ ಭಾಗ. ಒಂದು ವರ್ಷದ ಸಾಲಕ್ಕೆ ಅಂಕಿಗಳ ಮೊತ್ತ 78 ಆಗುವುದರಿಂದ ಇದಕ್ಕೆ 'ರೂಲ್ ಆಫ್ 78' ಎಂಬ ಹೆಸರೂ ಇದೆ.

ಇಲ್ಲಿ ಚಾಲಕನ ಲೆಕ್ಕವೂ ಸರಿಯಲ್ಲ ಎಂಬುದನ್ನು ಮುಚ್ಚಿಡಬಾರದು. ಮೊದಲ ವರ್ಷದಲ್ಲಿ ಆತನ ಬಳಿ ಇದ್ದ ಅಸಲು ಹೆಚ್ಚು, ಆದ್ದರಿಂದ ಆ ವರ್ಷದ ಬಡ್ಡಿಯೂ ಸಹಜವಾಗಿ ಹೆಚ್ಚು. ಬಡ್ಡಿಯನ್ನು ತಿಂಗಳುಗಳಿಗೆ ಸಮನಾಗಿ ಹಂಚುವಂತಿಲ್ಲ. ನ್ಯಾಯವಾದ ಲೆಕ್ಕ ತಿಂಗಳು ತಿಂಗಳೂ ನಿಜವಾಗಿ ಬಾಕಿ ಇರುವ ಅಸಲಿನ ಮೇಲೆ ನಡೆಯಬೇಕು. ಇದೇ 8,750ರ ಕಂತಿನಲ್ಲಿ ಅಡಗಿರುವ ದರವನ್ನು ಬಿಡಿಸಿದರೆ ಅದು ಶೇ 10 ಅಲ್ಲ, ಇಳಿಯುವ ಅಸಲಿನ ಮೇಲೆ ವರ್ಷಕ್ಕೆ ಸುಮಾರು ಶೇ 17.6. ಆ ದರದಲ್ಲಿ ಹನ್ನೆರಡು ಕಂತಿನ ನಂತರ ಉಳಿಯುವ ಅಸಲು ಸುಮಾರು 2,43,380, ಬಿಡಬೇಕಾದ ಬಡ್ಡಿ 71,620. ಅಂದರೆ ಚಾಲಕ ನಿರೀಕ್ಷಿಸಿದ್ದಕ್ಕೂ ಕಚೇರಿ ಕೊಟ್ಟದ್ದಕ್ಕೂ ನಡುವಿನ 22,000 ಚಿಲ್ಲರೆ ರೂಪಾಯಿಯಲ್ಲಿ ಸುಮಾರು 18,380 ಪ್ರಾಮಾಣಿಕ ಗಣಿತ. ಮಿಕ್ಕ 3,660 ರೂಪಾಯಿ ಯಾವ ದುಡ್ಡಿನ ಮೇಲೂ ಹುಟ್ಟದ ಬಡ್ಡಿ. ಆಕ್ಷೇಪ ಇರುವುದು ಈ 3,660ರ ಬಗ್ಗೆ. ಕೌಂಟರಿನ ಎದುರು 22,000ಕ್ಕೆ ಜಗಳವಾಡುವವರಿಗೆ ಕಚೇರಿಯವರು ಸುಲಭವಾಗಿ ಉತ್ತರ ಹೇಳಿಬಿಡುತ್ತಾರೆ. 3,660ಕ್ಕೆ ಅವರಲ್ಲಿ ಉತ್ತರವಿಲ್ಲ.

ಸೂತ್ರದ ಓರೆ ಮೊದಲ ತಿಂಗಳಲ್ಲೇ ಕಾಣುತ್ತದೆ. 3,00,000ಕ್ಕೆ ಶೇ 17.6ರಂತೆ ಒಂದು ತಿಂಗಳ ಬಡ್ಡಿ 4,400. ಅಂಕಿಗಳ ಲೆಕ್ಕ ಅದೇ ತಿಂಗಳಿಗೆ 4,898 ಹಾಕುತ್ತದೆ, ಅಂದರೆ ವರ್ಷಕ್ಕೆ ಶೇ 19.6. ಪೂರ್ತಿ ನಾಲ್ಕು ವರ್ಷ ಕಟ್ಟಿದವರಿಗೆ ಇದರಿಂದ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಹೊರೆ ಬೀಳುವುದು ಮೊದಲೇ ತೀರಿಸುವವರ ಮೇಲೆ ಮಾತ್ರ. ಅವಧಿಯೂ ದರವೂ ಹೆಚ್ಚಿದಷ್ಟು ಅಂತರ ಹಿಗ್ಗುತ್ತದೆ. ಹತ್ತು ವರ್ಷಕ್ಕೆ ಶೇ 12 ಫ್ಲಾಟ್ ದರದಲ್ಲಿ ಒಂದು ಲಕ್ಷ ಪಡೆದರೆ ಕಂತು 1,833 ರೂಪಾಯಿ, ಅಂಕಿಗಳ ಲೆಕ್ಕದ ಮೊದಲ ತಿಂಗಳ ಬಡ್ಡಿ 1,983. ಕಂತು ಕಟ್ಟಿದ ಮೇಲೂ ಸಾಲ ಕರಗುವುದಿಲ್ಲ, ಬೆಳೆಯುತ್ತದೆ. ಅಮೆರಿಕ 1992ರಲ್ಲಿ 61 ತಿಂಗಳಿಗಿಂತ ದೀರ್ಘವಾದ ಗ್ರಾಹಕ ಸಾಲಗಳಿಗೆ ಈ ಸೂತ್ರವನ್ನು ನಿಷೇಧಿಸಿತು. ಬ್ರಿಟನ್ 1983ರ ನಿಯಮಗಳಲ್ಲಿ ಇದಕ್ಕೆ ಜಾಗ ಕೊಟ್ಟಿತ್ತು. 2005ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಅದನ್ನು ಕೈಬಿಟ್ಟವು.

ಭಾರತದಲ್ಲಿ ಈ ವಿಷಯಕ್ಕೆ ಕಾನೂನು ಬರೆಯಲಾಗಿತ್ತು, ಜಾರಿಗೆ ಬರಲಿಲ್ಲ. 1972ರ ಬಾಡಿಗೆ-ಖರೀದಿ ಕಾಯ್ದೆ ಅವಧಿಗೆ ಮೊದಲು ತೀರಿಸುವವರಿಗೆ ರಿಬೇಟಿನ ಹಕ್ಕು ಕೊಟ್ಟಿತ್ತು: ಉಳಿದ ಕಂತುಗಳ ಪ್ರಮಾಣಕ್ಕೆ ತಕ್ಕ ಬಡ್ಡಿಯಲ್ಲಿ ಮೂರರಲ್ಲಿ ಎರಡು ಪಾಲು. ಮೇಲಿನ ಆಟೊ ಲೆಕ್ಕಕ್ಕೆ ಅದನ್ನು ಹಚ್ಚಿದರೆ 60,000, ಅಂಕಿಗಳ ವಿಧಾನಕ್ಕಿಂತಲೂ ಕಡಿಮೆ. ಆ ಕಾಯ್ದೆ 2005ರಲ್ಲಿ ರದ್ದಾಯಿತು. ಆದ್ದರಿಂದ ಹಳೆಯ ಕಾನೂನನ್ನು ಮರಳಿ ತರಬೇಕೆಂಬ ಬೇಡಿಕೆಯಿಂದ ಸಾಲಗಾರರಿಗೆ ಲಾಭವಿಲ್ಲ.

ಸಾಲ ಕೊಡುವವರ ಕಡೆಯ ಮುಖ್ಯ ವಾದ, ಸಾಲ ಹುಡುಕಿ ತರುವ ಕಮಿಷನ್, ಪರಿಶೀಲನೆ, ದಾಖಲೆಪತ್ರಗಳ ಖರ್ಚೆಲ್ಲ ಆರಂಭದಲ್ಲೇ ಬೀಳುತ್ತದೆ, ಅದನ್ನು ಮೊದಲ ತಿಂಗಳುಗಳಲ್ಲೇ ವಸೂಲು ಮಾಡಬೇಕಾಗುತ್ತದೆ ಎಂಬುದು. ಆ ಖರ್ಚಿಗೆಂದೇ ಪ್ರೊಸೆಸಿಂಗ್ ಶುಲ್ಕವನ್ನು ಮುಂಗಡವಾಗಿ ತೆಗೆದುಕೊಳ್ಳಲಾಗುತ್ತದೆ. ಇದರ ಮೇಲೆ ಬಾಕಿಯ ಶೇ 4ರಷ್ಟು ಫೋರ್‌ಕ್ಲೋಷರ್ ಶುಲ್ಕವೂ ಇದ್ದರೆ ಉದಾಹರಣೆಯ ಸಾಲಕ್ಕೆ ಇನ್ನೂ ಸುಮಾರು 9,880 ರೂಪಾಯಿ ಸೇರುತ್ತದೆ, ಅದೂ ಸೂತ್ರ ಉಬ್ಬಿಸಿದ ಬಾಕಿಯ ಮೇಲೆ. ಬೇಗ ತೀರಿಸಿದ್ದಕ್ಕೆ ಒಮ್ಮೆ ಶುಲ್ಕವೆಂದು ಬಹಿರಂಗವಾಗಿ, ಇನ್ನೊಮ್ಮೆ ಬಡ್ಡಿಯ ಒಳಗೆ, ಎರಡು ಸಲ ದಂಡ ಹಾಕಿದಂತಾಗುತ್ತದೆ.

ಸಹಿ ಹಾಕಿ ಒಪ್ಪಿದ ಕರಾರು ಇದು ಎಂಬ ವಾದವೂ ಇದೆ. ಆದರೆ ಮೊದಲೇ ಮುಗಿಯುವ ಸಾಲಗಳೆಲ್ಲ ಸಾಲಗಾರನ ಇಚ್ಛೆಯಿಂದ ಮುಗಿಯುವುದಿಲ್ಲ. ಅಪಘಾತದಲ್ಲಿ ಗಾಡಿ ಪೂರ್ತಿ ಹಾಳಾಗಿ ವಿಮೆಯ ಹಣ ನೇರ ಸಾಲಕ್ಕೆ ಜಮೆಯಾದಾಗ, ಕಂತು ತಪ್ಪಿ ಗಾಡಿ ಸೀಜ್ ಆಗಿ ಹರಾಜಾದಾಗ, ಚಾಲಕ ತೀರಿಕೊಂಡು ಮನೆಯವರು ಲೆಕ್ಕ ಮುಗಿಸಲು ಬಂದಾಗಲೂ ಬಾಕಿಯನ್ನು ಇದೇ ಸೂತ್ರದಿಂದ ತೆಗೆಯಬಹುದು. ಗಾಡಿಯೂ ಇಲ್ಲ, ದುಡಿಮೆಯೂ ಇಲ್ಲ ಎನ್ನುವ ಗಳಿಗೆಯಲ್ಲಿ ಹುಟ್ಟದ ಬಡ್ಡಿಯನ್ನು ಆ ಕುಟುಂಬದಿಂದ ಕೇಳುವುದು ಅನ್ಯಾಯ.

ಸೂತ್ರದ ಪರವಾಗಿ ಒಂದು ಕಾಲಕ್ಕೆ ಇದ್ದ ಬಲವಾದ ಕಾರಣ ಲೆಕ್ಕದ ಸುಲಭ. ಕಾಗದ ಪೆನ್ಸಿಲ್ ಇಟ್ಟುಕೊಂಡ ಗುಮಾಸ್ತ ಶೇ 17.6ರ ದರವನ್ನು ಬಿಡಿಸಲಾರ, ಅಂಕಿಗಳನ್ನು ಕೂಡಿಸಬಲ್ಲ. ಆ ಕಾರಣ ಈಗ ಇಲ್ಲ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ ಸುತ್ತೋಲೆಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಬ್ಯಾಂಕೇತರ ಹಣಕಾಸು ಕಂಪನಿಗಳೂ ಹೊಸ ಚಿಲ್ಲರೆ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು. ಅದರಲ್ಲಿ ವಾರ್ಷಿಕ ನೈಜ ದರವೂ ಕಂತುವಾರು ಅಸಲು-ಬಡ್ಡಿಯ ಪಟ್ಟಿಯೂ ಇರುತ್ತವೆ. ಇಳಿಯುವ ಅಸಲಿನ ಮೇಲೆ ತಯಾರಾದ ಪಟ್ಟಿಯಾದರೆ ಹನ್ನೆರಡನೆಯ ಸಾಲಿನಲ್ಲಿ ಉಳಿದ ಅಸಲು ಅಚ್ಚಾಗಿಯೇ ಇದೆ; ಚುಕ್ತಾ ಮೊತ್ತ ಅದಕ್ಕಿಂತ ಬೇರೆ ಇರಲು ಕಾರಣವಿಲ್ಲ. ಕಚೇರಿ ಬಳಸಿದ ಸೂತ್ರ ಯಾವುದೆಂದು ತಿಳಿಯಲು ಚೀಟಿಯ ರಿಬೇಟನ್ನು ಒಟ್ಟು ಬಡ್ಡಿಯಿಂದ ಭಾಗಿಸಿದರೆ ಸಾಕು. ಇಲ್ಲಿ 0.566 ಬಂದರೆ ಅದು 1,176ಕ್ಕೆ 666, ಅಂಕಿಗಳ ಮೊತ್ತ, 0.597ರ ಆಸುಪಾಸು ಬಂದರೆ ನಿಜವಾದ ಬಾಕಿಯ ಲೆಕ್ಕ.

ಆದರೂ ಎರಡು ಕಂಡಿಗಳು ಉಳಿದಿವೆ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ಅನ್ವಯಿಸುವ ರಿಸರ್ವ್ ಬ್ಯಾಂಕಿನ ಅವಧಿಪೂರ್ವ ಪಾವತಿ ಶುಲ್ಕದ ನಿರ್ಬಂಧ ಬದಲಾಗುವ ಬಡ್ಡಿದರದ ಸಾಲಗಳಿಗೆ ಸೀಮಿತ. ಫ್ಲಾಟ್ ದರದ ಆಟೊ ಸಾಲ ಸ್ಥಿರ ದರದ್ದು, ಅದರ ಹೊರಗೇ ನಿಲ್ಲುತ್ತದೆ. ಇನ್ನೊಂದು, ಜೆಪ್ಪುವಿನಂಥ ಬಡಾವಣೆಗಳ ಜನ ಸಾಲಕ್ಕೆ ಹೋಗುವ ಪತ್ತಿನ ಸಹಕಾರ ಸಂಘಗಳು ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ನಡೆಯುತ್ತವೆ, ಲೇವಾದೇವಿದಾರರು 1961ರ ಕಾಯ್ದೆಯಡಿ. ರಿಸರ್ವ್ ಬ್ಯಾಂಕಿನ ಪಟ್ಟಿ ಅಲ್ಲಿಗೆ ತಲುಪುವುದಿಲ್ಲ. ಮೊದಲ ಕಂಡಿಯನ್ನು ಮುಚ್ಚಬೇಕಾದದ್ದು ರಿಸರ್ವ್ ಬ್ಯಾಂಕ್: ಸ್ಥಿರ ದರದ ಸಾಲದ ಚುಕ್ತಾ ಮೊತ್ತ ಇಳಿಯುವ ಅಸಲಿನ ಪಟ್ಟಿಯಲ್ಲಿರುವ ಬಾಕಿಯನ್ನು ಮೀರಬಾರದು ಎಂಬ ಒಂದು ವಾಕ್ಯದ ನಿರ್ದೇಶನ ಸಾಕು. ಎರಡನೆಯದನ್ನು ಮುಚ್ಚಬೇಕಾದದ್ದು ರಾಜ್ಯ ಸರ್ಕಾರದ ಸಹಕಾರ ಇಲಾಖೆ, ತನ್ನ ಕಾಯ್ದೆಗಳಡಿಯ ಪ್ರತಿ ಸಾಲದ ಕರಾರಿಗೂ ಅಂಥದೇ ಪಟ್ಟಿಯನ್ನು ಲಗತ್ತಿಸುವುದನ್ನು ಕಡ್ಡಾಯ ಮಾಡಿ.